ದಯಮಾಡಿ ಪುಟ ಒಂಬತ್ತು ತೆಗೆಯಿರಿ

ದೆಹಲಿಯ ಬಜೆಟ್ಟು ಫೆಬ್ರವರಿ ಒಂದನೇ ತಾರೀಕು ಬರುತ್ತದೆ. ಬೆಂಗಳೂರಿನದು ಸಾಮಾನ್ಯವಾಗಿ ಮಾರ್ಚಿ ಹೊತ್ತಿಗೆ. ಹೊಸಕೋಟೆ ಮಗ್ಗುಲಿನ ಪಿಲ್ಲಗುಂಪೆ, ಅದರ ಸುತ್ತುಮುತ್ತಲ ಹಳ್ಳಿಗಳ ಹಾಲಿನ ಡೈರಿಗಳ ಬಜೆಟ್ಟು ಬರುವುದು ಸೆಪ್ಟೆಂಬರಿನಲ್ಲಿ. ಗಣೇಶನನ್ನು ಕೆರೆಗೆ ಬಿಟ್ಟಾಗಿರುತ್ತದೆ, ಪಿತೃಪಕ್ಷದ ಓಡಾಟ ನಡೆದಿರುತ್ತದೆ, ಗಣೇಶ ಕೂತಿದ್ದ ಶಾಮಿಯಾನದವನೇ ಡೈರಿ ಮುಂದೆಯೂ ಗೂಟ ಹೊಡೆಯುತ್ತಿರುತ್ತಾನೆ. ಈ ತಿಂಗಳನ್ನು ಊರಿನವರು ಆರಿಸಿಕೊಂಡದ್ದಲ್ಲ. ಕರ್ನಾಟಕ ಸಹಕಾರ ಸಂಘಗಳ 1959ರ ಕಾಯ್ದೆಯ ಪ್ರಕಾರ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಮುಗಿಯಬೇಕು. ಹೀಗಾಗಿ ತಿಂಗಳ ಮೂರನೇ ವಾರದಲ್ಲಿ ತಾಲ್ಲೂಕಿನಲ್ಲಿ ಮೈಕು, ಕುರ್ಚಿ, ಅಡುಗೆ ಭಟ್ಟರು ಮೂವರೂ ಒಟ್ಟಿಗೆ ಸಿಗುವುದು ಕಷ್ಟ.

ನನಗೆ ಈ ಸಭೆಗಳ ಹುಚ್ಚು. ಕರೆದರೆ ಹೋಗುತ್ತೇನೆ, ಕರೆಯದಿದ್ದರೂ ಯಾರಾದರೂ ನೆಂಟರ ಹಿಂದೆ ಹೋಗಿ ಕೂರುತ್ತೇನೆ. ಊಟಕ್ಕಾಗಿ ಹೋಗುತ್ತೇನೆ ಎಂದು ಮನೆಯಲ್ಲಿ ಅನುಮಾನವಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ನನ್ನ ಕಿವಿ ಕಾಯುವುದು ಖಜಾಂಚಿಯ ಭಾಷಣಕ್ಕೆ. ಹಾಲಿನ ಸಂಘಗಳಲ್ಲಿ ದಿನದ ಲೆಕ್ಕ ಇಡುವವನು ಸೆಕ್ರೆಟರಿ. ಕಾಯ್ದೆ ಅವನನ್ನು ಮುಖ್ಯ ಕಾರ್ಯನಿರ್ವಾಹಕ ಎನ್ನುತ್ತದೆ. ಆದರೆ ಕೆಲವು ಕಡೆ ಹಣಕಾಸು ನೋಡಿಕೊಳ್ಳುವ ನಿರ್ದೇಶಕರೊಬ್ಬರು ಇರುತ್ತಾರೆ, ಊರಿನ ಬಾಯಲ್ಲಿ ಅವರೇ ಖಜಾಂಚಿ, ಸಭೆಯಲ್ಲಿ ಆಯವ್ಯಯ ಓದುವ ಹಕ್ಕು ಅವರದು. ವರ್ಷವೆಲ್ಲ ಬಿಳಿ ಪಂಚೆಯಲ್ಲಿ ಓಡಾಡುವ ಮನುಷ್ಯ ಅವತ್ತು ಪ್ಯಾಂಟು ಹಾಕಿಕೊಂಡು ಬಂದಿರುತ್ತಾರೆ.

ಅವರ ಸರದಿ ಬರುವುದು ತಡವಾಗಿ. ಮೊದಲು ಡೈರಿಗೆ ಹಾಲು ತರುವ ಹುಡುಗಿಯೊಬ್ಬಳಿಂದ ಪ್ರಾರ್ಥನೆ, ಆಮೇಲೆ ದೀಪ. ಗಾಳಿಗೆ ದೀಪ ಹತ್ತುವುದಿಲ್ಲ. ಒಕ್ಕೂಟದಿಂದ ಬಂದ ವಿಸ್ತರಣಾಧಿಕಾರಿಗೆ ಹಾರ, ಶಾಲು, ಮೈಸೂರು ಪೇಟ. ಕಳೆದ ಸಾಲಿನಲ್ಲಿ ತೀರಿಕೊಂಡ ಸದಸ್ಯರಿಗೆ ಒಂದು ನಿಮಿಷದ ಮೌನ. ಅದು ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತದೆ, ಯಾರದ್ದೋ ಫೋನು ಬಡಿದುಕೊಳ್ಳುವುದರಿಂದ. ನಂತರ ಹಿಂದಿನ ಮಹಾಸಭೆಯ ನಡವಳಿ ಓದಿ ದಾಖಲು ಮಾಡಿಕೊಳ್ಳುವುದು, ಲೆಕ್ಕಪರಿಶೋಧನೆಯ ವರದಿ. ಇಷ್ಟೊತ್ತಿಗೆ ಹಿಂದಿನಿಂದ ಹುರಿದ ಮಸಾಲೆಯ ಗಮಲು ಬರಲು ಶುರುವಾಗಿರುತ್ತದೆ. ಸರಿಯಾಗಿ ಆ ಗಳಿಗೆಗೆ ಖಜಾಂಚಿ ಎದ್ದು ಮೈಕನ್ನು ಎರಡು ಸಲ ಕುಟ್ಟಿ, ‘ಮಾನ್ಯ ಸದಸ್ಯರು ದಯಮಾಡಿ ಪುಟ ಒಂಬತ್ತು ತೆಗೆಯಿರಿ’ ಎನ್ನುತ್ತಾರೆ. ಅಚ್ಚು ಹಾಕಿಸಿದ ವರದಿ ಎಲ್ಲರ ಕೈಯಲ್ಲೂ ಇದೆ. ಅರ್ಧ ಜನ ಅದರಲ್ಲಿ ಬೀಸಿಕೊಳ್ಳುತ್ತಿರುತ್ತಾರೆ.

ಈಗ ಒಂದು ತಮಾಷೆ ಗಮನಿಸಬೇಕು. ಸಂಘದ ಸಾಲು ಏಪ್ರಿಲ್ ಒಂದಕ್ಕೆ ಶುರು, ಮಾರ್ಚ್ 31ಕ್ಕೆ ಮುಕ್ತಾಯ. ಖಜಾಂಚಿ ಅಂದಾಜು ಎಂದು ಓದುತ್ತಿರುವುದು ಏಪ್ರಿಲ್‌ನಿಂದ ನಡೆಯುತ್ತಿರುವ ಸಾಲಿನ ಬಜೆಟ್ಟನ್ನು. ಅಂದರೆ ಸಭೆ ಮಂಜೂರು ಮಾಡುವ ಹೊತ್ತಿಗೆ ಆರು ತಿಂಗಳ ದುಡ್ಡು ಖರ್ಚಾಗಿದೆ, ಆರು ತಿಂಗಳ ಹಾಲು ಕುಡಿದಾಗಿದೆ. ಜ್ಯೋತಿಷಿಗಳಿಗೂ ಇಲ್ಲದ ಅನುಕೂಲ ಇದು: ಹೇಳಬೇಕಾದ ಭವಿಷ್ಯದಲ್ಲಿ ಅರ್ಧ ಆಗಲೇ ನಡೆದುಹೋಗಿದೆ. ಆದರೂ ಅಂದಾಜು ತಪ್ಪುತ್ತದೆ. ಯಾಕೆಂದರೆ ಬಹಳಷ್ಟು ಖಜಾಂಚಿಗಳು ಈ ಆರು ತಿಂಗಳ ಪುಸ್ತಕ ತೆರೆದು ನೋಡುವುದೇ ಇಲ್ಲ. ಹೋದ ಸಾಲಿನ ಅಂದಾಜಿಗೆ ಶೇಕಡ ಹತ್ತು ಸೇರಿಸಿ ಅಚ್ಚಿಗೆ ಕಳಿಸುತ್ತಾರೆ. ಆದಾಯಕ್ಕೂ ಹತ್ತು, ಖರ್ಚಿಗೂ ಹತ್ತು, ಯಾರಿಗೂ ಬೇಜಾರಾಗಬಾರದಲ್ಲ.

ಪುಟ ಒಂಬತ್ತರಲ್ಲಿ ಮೂರು ಕಾಲಂ ಇರುತ್ತವೆ. ಹೋದ ಸಾಲಿಗೆ ಅಂದಾಜು ಮಾಡಿದ್ದು, ಹೋದ ಸಾಲಿನಲ್ಲಿ ನಿಜವಾಗಿ ಆದದ್ದು, ಈ ಸಾಲಿನ ಅಂದಾಜು. ಖಜಾಂಚಿ ಗಟ್ಟಿಯಾಗಿ ಓದುವುದು ಮೂರನೆಯದನ್ನು ಮಾತ್ರ. ‘ಸಿಬ್ಬಂದಿ ವೇತನ ಇಂತಿಷ್ಟು, ಲೇಖನ ಸಾಮಗ್ರಿ ಇಂತಿಷ್ಟು, ಸಾದಿಲ್ವಾರು ಇಂತಿಷ್ಟು’ ಎಂದು ರೈಲು ಬಿಟ್ಟಂತೆ ಹೋಗುತ್ತಾರೆ. ಕೇಳುವವನು ಕಣ್ಣನ್ನು ಎರಡನೆಯ ಕಾಲಮ್ಮಿನ ಮೇಲೆ ಇಟ್ಟು, ಕಿವಿಯನ್ನು ಖಜಾಂಚಿಗೆ ಕೊಡಬೇಕು. ಭಾಷಣದ ಸಾರವೆಲ್ಲ ಈ ಎರಡರ ನಡುವೆ ಇದೆ.

ಲೆಕ್ಕ ಸುಲಭವಾಗಲಿ ಎಂದು ಮನಸ್ಸಿನಲ್ಲೇ ಒಂದು ಡೈರಿ ಕಟ್ಟಿಕೊಳ್ಳೋಣ; ಯಾವ ಊರಿನ ಪುಸ್ತಕದಿಂದಲೂ ಎತ್ತಿದ್ದಲ್ಲ. ದಿನಕ್ಕೆ 500 ಲೀಟರ್ ಹಾಲು, 120 ಸದಸ್ಯರು, ಅವರಲ್ಲಿ ನಿಜವಾಗಿ ಹಾಲು ಹಾಕುವವರು 80 ಮಂದಿ. ಇದರ ಪುಟ ಒಂಬತ್ತರಲ್ಲಿ ‘ಸಭಾ ವೆಚ್ಚ’ ಎಂಬ ಸಾಲಿದೆ. ಹೋದ ಸಾಲಿನ ಅಂದಾಜು 30,000 ರೂಪಾಯಿ, ಆದದ್ದು 48,000, ಈ ಸಾಲಿಗೆ 35,000. ಖಜಾಂಚಿ 35,000 ಎಂದು ಓದಿದಾಗ ಕೇಳಿದವರಿಗೆ ಬಹಳ ಸಂಯಮದ ಮನುಷ್ಯ ಅನ್ನಿಸುತ್ತದೆ. ಹೋದ ಸಲ 48,000 ಆದದ್ದು ಈ ಸಲ 35,000ಕ್ಕೆ ಇಳಿಯಬೇಕಾದರೆ ಶಾಮಿಯಾನ ಬಿಡಬೇಕು, ಇಲ್ಲ ಊಟ ಬಿಡಬೇಕು, ಇಲ್ಲ ಇನ್ನೇನೋ ಬಿಡಬೇಕು. ಏನನ್ನು ಬಿಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಮಸಾಲೆಯ ಗಮಲು ಬರುತ್ತಿರುವಾಗ ಆ ಪ್ರಶ್ನೆ ಕೇಳುವ ಧೈರ್ಯ ಯಾರಿಗಿದೆ? ಕಾರಣ ಹೇಳದೆ ಅಂದಾಜು ಹೋದ ಸಾಲಿನಲ್ಲಿ ಆದದ್ದಕ್ಕಿಂತ ಇಳಿದಿದ್ದರೆ, ಮುಂದಿನ ವರ್ಷ ‘ಬಜೆಟ್ ಮೀರಿದ ಖರ್ಚಿಗೆ ಮಂಜೂರಾತಿ’ ಎಂಬ ವಿಷಯ ಬರುತ್ತದೆ ಎಂದು ಇವತ್ತೇ ಬರೆದಿಟ್ಟುಕೊಳ್ಳಬಹುದು.

ಆದಾಯದ ಕಡೆ ಮೊದಲ ಸಾಲು ಹಾಲಿನ ವ್ಯಾಪಾರದ ಲಾಭ. ಒಕ್ಕೂಟ ಕೊಟ್ಟ ದರಕ್ಕೂ ಸಂಘ ರೈತರಿಗೆ ಬಟವಾಡೆ ಮಾಡಿದ ದರಕ್ಕೂ ಇರುವ ವ್ಯತ್ಯಾಸ ಅದು. ಡೈರಿಯಲ್ಲಿ ನೋಡಿದ ಫ್ಯಾಟಿಗೂ ಒಕ್ಕೂಟದಲ್ಲಿ ನೋಡಿದ ಫ್ಯಾಟಿಗೂ ತಾಳೆಯಾಗದಿದ್ದರೆ ಪೆಟ್ಟು ಬೀಳುವುದು ಇಲ್ಲೇ. ಆಮೇಲೆ ಪಶು ಆಹಾರ ಮಾರಿದ ಕಮಿಷನ್ನು, ಊರಲ್ಲೇ ಬಿಡಿಯಾಗಿ ಮಾರಿದ ಹಾಲು. ಇವೆಲ್ಲ ದೊಡ್ಡ ಮನುಷ್ಯರು, ಇವರನ್ನು ಎಲ್ಲರೂ ನೋಡುತ್ತಾರೆ. ನನ್ನ ಪ್ರೀತಿಯ ಸಾಲು ಕೆಳಗಿದೆ: ‘ಸ್ಯಾಂಪಲ್ ಹಾಲು ಮಾರಾಟ’.

ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ನಿಂತು ನೋಡಿದವರಿಗೆ ಇದು ಗೊತ್ತು. ಕ್ಯಾನು ಹಿಡಿದು ಬಂದವರ ಹಾಲನ್ನು ತೂಕ ಮಾಡುತ್ತಾರೆ, ಫ್ಯಾಟು ಮತ್ತು ಡಿಗ್ರಿ ನೋಡಲು ಒಂದು ಪುಟ್ಟ ಸೌಟಿನಲ್ಲಿ ಒಂದಷ್ಟು ತೆಗೆಯುತ್ತಾರೆ. ಪರೀಕ್ಷೆಯ ಯಂತ್ರಕ್ಕೆ ಬೇಕಾಗುವುದು ಅದರಲ್ಲಿ ಸ್ವಲ್ಪ. ಉಳಿದದ್ದು ಒಂದು ಬಕೆಟ್ಟಿಗೆ. ಬಕೆಟ್ಟಿನ ಹಾಲು ಸಂಘದ್ದು, ಅದನ್ನು ಮಾರಿದ ದುಡ್ಡು ಸಂಘಕ್ಕೆ. ಹಾಲು ಹಾಕಿದವನಿಗೆ ಅದರ ಬೆಲೆ ಸಿಗುವುದಿಲ್ಲ, ಅವನು ಕೇಳುವುದೂ ಇಲ್ಲ, ಒಂದು ಸೌಟು ತಾನೆ.

ಆ ಸೌಟಿನ ಲೆಕ್ಕ ನೋಡಿ. ಉಳಿದು ಬಕೆಟ್ಟಿಗೆ ಹೋಗುವುದು ಒಬ್ಬರಿಂದ ಒಂದು ಹೊತ್ತಿಗೆ 25 ಮಿಲಿ ಎಂದಿಟ್ಟುಕೊಂಡರೆ, 80 ಜನ, ಎರಡು ಹೊತ್ತು, ದಿನಕ್ಕೆ 4 ಲೀಟರ್. ವರ್ಷಕ್ಕೆ 1,460 ಲೀಟರ್. ಲೀಟರಿಗೆ 35 ರೂಪಾಯಿಯಂತೆ ಮಾರಿದರೆ 51,100 ರೂಪಾಯಿ. ನಮ್ಮ ಮನಸ್ಸಿನ ಡೈರಿಗೆ ವರ್ಷದ ಕೊನೆಗೆ ನಿವ್ವಳ ಲಾಭ ಒಂದು ಲಕ್ಷ ಬಂತು ಎಂದುಕೊಂಡರೆ, ಅದರಲ್ಲಿ ಅರ್ಧ ಈ ಬಕೆಟ್ಟಿನಿಂದ ಬಂದದ್ದು. ವೇದಿಕೆಯ ಮೇಲೆ ‘ಆಡಳಿತ ಮಂಡಳಿಯ ದಕ್ಷತೆಯಿಂದ ಸಂಘ ಲಾಭದಲ್ಲಿದೆ’ ಎಂದಾಗ ನಾನು ಮನಸ್ಸಿನಲ್ಲೇ ಆ ಬಕೆಟ್ಟಿಗೂ ಒಂದು ಶಾಲು ಹೊದಿಸುತ್ತೇನೆ.

ಈ ಸಾಲನ್ನು ಶೇಕಡ ಹತ್ತರ ಲೆಕ್ಕದಲ್ಲಿ ಏರಿಸಲು ಬರುವುದಿಲ್ಲ. ಹಾಗೆ ಏರಿಸಿದರೆ 56,210 ಆಗುತ್ತದೆ. ದರ ಏರದೆ ಅಷ್ಟು ಬರಬೇಕಾದರೆ ಊರಲ್ಲಿ ಇನ್ನೂ ಎಂಟು ಮನೆಯವರು ಹಾಲು ಹಾಕಬೇಕು, ಇಲ್ಲ ಸೌಟು ದೊಡ್ಡದಾಗಬೇಕು. ಹಾಗೆಯೇ ಹಾಲು ಹಾಕುವವರ ಸಂಖ್ಯೆ ಹೋದ ವರ್ಷದಷ್ಟೇ ಇದ್ದು, ಹಾಲಿನ ದರವೂ ಇಳಿಯದೆ, ಸ್ಯಾಂಪಲ್ ಹಾಲಿನ ಆದಾಯ ಮಾತ್ರ ಕುಸಿದಿದ್ದರೆ ಬಕೆಟ್ಟಿನ ಹಾಲು ಬೇರೆ ದಾರಿ ಹಿಡಿದಿದೆ ಎಂದರ್ಥ. ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಇದು. ನಾನು ನೋಡಿದ ಸಭೆಗಳಲ್ಲಿ ಇದನ್ನು ಕೇಳುವವರು ಹೆಚ್ಚಾಗಿ ಹೆಂಗಸರು. ಎರಡು ಹೊತ್ತೂ ಡೈರಿಗೆ ಹೋಗಿ ನಿಲ್ಲುವವರು ಅವರೇ, ಬಕೆಟ್ಟು ಎಷ್ಟು ತುಂಬಿರುತ್ತದೆ ಎಂದು ಅವರಿಗೆ ಕಣ್ಣಳತೆಯಲ್ಲೇ ಗೊತ್ತು.

ಖಜಾಂಚಿ ಆದಾಯ ಮುಗಿಸಿ ಖರ್ಚಿಗೆ ತಿರುಗುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ.

‘ಅಣ್ಣ, ಐದು ರೂಪಾಯಿ ಯಾವಾಗ ಬತ್ತದೆ?’

‘ತಾತ, ಅದು ಬಜೆಟ್ಟಿನಲ್ಲಿ ಬರಲ್ಲ, ಕೂತ್ಕೊಳಿ.’

‘ಬಜೆಟ್ಟಿನಲ್ಲಿ ಬರಲ್ಲ ಅಂದ್ರೆ ಇನ್ನೆಲ್ಲಿ ಬತ್ತದೆ?’

ತಾತನ ಪ್ರಶ್ನೆಗೆ ಚಪ್ಪಾಳೆ ಬೀಳುತ್ತದೆ. ಐದು ರೂಪಾಯಿ ಎಂದರೆ ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನ. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ ಆಮೇಲೆ 5ಕ್ಕೆ ಏರಿದ್ದು. ಅದು ಸರ್ಕಾರದಿಂದ ನೇರ ಹಾಲು ಹಾಕಿದವರ ಬ್ಯಾಂಕ್ ಖಾತೆಗೆ ಹೋಗುತ್ತದೆ, ಸಂಘದ ಆದಾಯವೂ ಅಲ್ಲ, ಖರ್ಚೂ ಅಲ್ಲ. ಖಜಾಂಚಿ ಹೇಳಿದ್ದು ಲೆಕ್ಕಶಾಸ್ತ್ರದ ಪ್ರಕಾರ ಸರಿ. ಆದರೆ ನಿಂತ ಜಾಗ ಸರಿಯಿಲ್ಲ. ದುಡ್ಡಿನ ಪ್ರಶ್ನೆ ಕೇಳಲು ವರ್ಷಕ್ಕೆ ಒಂದೇ ದಿನ, ಒಬ್ಬನೇ ಮನುಷ್ಯ ಸಿಗುವಾಗ ತಾತ ಇನ್ಯಾರನ್ನು ಕೇಳಬೇಕು? ವಿಸ್ತರಣಾಧಿಕಾರಿಗಳು ಪೇಟ ಸರಿಮಾಡಿಕೊಂಡು ‘ಮೇಲಿನಿಂದ ಬಿಡುಗಡೆ ಆದ ತಕ್ಷಣ’ ಎನ್ನುತ್ತಾರೆ. ತಾತ ಕೂರುತ್ತಾರೆ. ಖಜಾಂಚಿ ತಾವು ಎಲ್ಲಿದ್ದೆವೆಂದು ಮರೆತು ಎರಡು ಸಾಲು ಹಾರಿಸಿ ಸವಕಳಿಗೆ ಹೋಗುತ್ತಾರೆ. ಹಾರಿದ ಎರಡು ಸಾಲಿನಲ್ಲಿ ಒಂದು ಸಾದಿಲ್ವಾರು. ತಾತನನ್ನು ಯಾರು ಎಬ್ಬಿಸಿದರೋ ಎಂಬ ಅನುಮಾನ ನನಗೆ ಒಂದೊಂದು ಸಲ ಬರುವುದುಂಟು.

ಇನ್ನು ಲಾಭದ ಹಂಚಿಕೆ. ಭಾಷಣದಲ್ಲಿ ಬೀಸಣಿಗೆಗಳು ನಿಲ್ಲುವ ಭಾಗ ಇದೊಂದೇ. ಬಂದ ಲಾಭವನ್ನೆಲ್ಲ ಸಭೆ ತನ್ನಿಷ್ಟದಂತೆ ಹಂಚಲು ಆಗುವುದಿಲ್ಲ. ಒಂದು ಲಕ್ಷದಲ್ಲಿ ಶೇಕಡ 25 ಆಪದ್ಧನಕ್ಕೆ, ಅಂದರೆ 25,000. ಶೇಕಡ 2 ಸಹಕಾರ ಶಿಕ್ಷಣ ನಿಧಿಗೆ, 2,000. ಉಳಿದ 73,000ದಲ್ಲಿ ಬೋನಸ್ಸಿಗೆ ಎಷ್ಟು, ಷೇರಿನ ಡಿವಿಡೆಂಡಿಗೆ ಎಷ್ಟು, ಕಟ್ಟಡ ನಿಧಿಗೆ ಎಷ್ಟು ಎಂದು ಸಂಘದ ಉಪನಿಯಮ ಹೇಳುತ್ತದೆ. ನಮ್ಮ ಡೈರಿಯಲ್ಲಿ ಬೋನಸ್ಸಿಗೆ ಶೇಕಡ 65 ಎಂದಿಟ್ಟುಕೊಳ್ಳೋಣ. 47,450 ರೂಪಾಯಿ ಆಯಿತು. ವರ್ಷಕ್ಕೆ ಬಂದ ಹಾಲು 1,82,500 ಲೀಟರ್. ಭಾಗಿಸಿದರೆ ಲೀಟರಿಗೆ 26 ಪೈಸೆ. ದಿನಕ್ಕೆ ಹತ್ತು ಲೀಟರ್ ಹಾಕಿದವರಿಗೆ ವರ್ಷಕ್ಕೆ 949 ರೂಪಾಯಿ.

ಬೋನಸ್ಸು ಷೇರಿನ ಮೇಲಲ್ಲ, ಹಾಕಿದ ಹಾಲಿನ ಮೇಲೆ ಎಂಬುದು ಈ ಇಡೀ ಏರ್ಪಾಡಿನ ಜಾಣತನ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತಿತರ ಕೆಲಸಗಾರರು ಸೇರಿ ಅಂಗಡಿ ಇಟ್ಟಾಗ ಮಾಡಿಕೊಂಡ ನಿಯಮವೂ ಇಂಥದೇ. ಲಾಭ ಬಂದರೆ ಯಾರು ಎಷ್ಟು ಬಂಡವಾಳ ಹಾಕಿದರು ಎಂದು ನೋಡದೆ ಯಾರು ಎಷ್ಟು ಸಾಮಾನು ಕೊಂಡರು ಎಂದು ನೋಡಿ ಹಂಚುವುದು. ಅವರದು ಓಟ್ಸು, ಬೆಣ್ಣೆ, ಹಿಟ್ಟಿನ ಅಂಗಡಿ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದಾಗ ಅದು ಸಾಲದ ಸಂಘ. ನಮ್ಮ ಕಡೆಗೆ ಬರುವ ಹೊತ್ತಿಗೆ ಅದು ಹಾಲಿನ ಕ್ಯಾನಾಗಿದೆ.

ಕ್ಯಾನು ಎಂದೆ. ಮಹಾಸಭೆಯ ದಿನ ಸದಸ್ಯರಿಗೆ ಉಡುಗೊರೆ ಕೊಡುವುದು ಈಗ ರೂಢಿ. ಸ್ಟೀಲಿನ ಕ್ಯಾನೋ, ಬಿಂದಿಗೆಯೋ, ಟಿಫನ್ ಕ್ಯಾರಿಯರ್ರೋ. ಶಾಮಿಯಾನದ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಅಟ್ಟಿ ಹಾಕಿರುತ್ತವೆ. ಖಜಾಂಚಿ ಏನೇ ಓದಲಿ, ಜನರ ಕಣ್ಣು ಪೆಟ್ಟಿಗೆಯ ಮೇಲೆ. ಒಂದು ಕ್ಯಾನಿಗೆ 250 ರೂಪಾಯಿಯಂತೆ 120 ಜನಕ್ಕೆ 30,000 ಆಗುತ್ತದೆ. ಮೇಲೆ ಹೇಳಿದ ಸಭಾ ವೆಚ್ಚದ 48,000 ಇದೇ: ಕ್ಯಾನು 30,000, ಶಾಮಿಯಾನ-ಊಟ-ಮೈಕು 18,000.

ಕ್ಯಾನು ಕೊಡದೇ ಹೋಗಿದ್ದರೆ ಲಾಭ 1,30,000 ಆಗುತ್ತಿತ್ತು, ಬೋನಸ್ಸು ಲೀಟರಿಗೆ ಸುಮಾರು 34 ಪೈಸೆ ಬರುತ್ತಿತ್ತು. ಹತ್ತು ಲೀಟರಿನವರಿಗೆ ಹೆಚ್ಚಿಗೆ ಸಿಗುತ್ತಿದ್ದದ್ದು ಸುಮಾರು 285 ರೂಪಾಯಿ. ಅವರ ಕೈಗೆ ಬಂದದ್ದು 250 ರೂಪಾಯಿಯ ಕ್ಯಾನು, ಹೆಚ್ಚುಕಡಿಮೆ ಸಮ. ಒಂದೇ ಹಸು ಕಟ್ಟಿಕೊಂಡು ದಿನಕ್ಕೆ ಮೂರು ಲೀಟರ್ ಹಾಕುವ ಅಕ್ಕ ಬಿಟ್ಟುಕೊಟ್ಟದ್ದು 85 ರೂಪಾಯಿ, ಪಡೆದದ್ದು 250ರದು. ಮೂವತ್ತು ಲೀಟರ್ ಹಾಕುವ ದೊಡ್ಡ ಕೊಟ್ಟಿಗೆಯವರು 850 ರೂಪಾಯಿಗೂ ಮೇಲೆ ಬಿಟ್ಟು ಅದೇ ಕ್ಯಾನು ಹಿಡಿದು ಮನೆಗೆ ಹೋಗುತ್ತಾರೆ. ರಾಚ್‌ಡೇಲಿನವರ ನಿಯಮವನ್ನು ಒಂದು ಸ್ಟೀಲ್ ಕ್ಯಾನು ಸದ್ದಿಲ್ಲದೆ ತಿರುಗಿಸಿಬಿಟ್ಟಿದೆ: ಹಾಲಿಗೆ ತಕ್ಕ ಪಾಲಿನ ಜಾಗದಲ್ಲಿ ತಲೆಗೆ ಒಂದು ಪಾಲು. ಇದು ಅನ್ಯಾಯ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಇದನ್ನು ಯಾರೂ ಚರ್ಚಿಸಿ ತೀರ್ಮಾನಿಸಿದ್ದಲ್ಲ, ಸಭಾ ವೆಚ್ಚದ ಹೊಟ್ಟೆಯೊಳಗೆ ಕೂತು ಬಂದದ್ದು. ಆಪದ್ಧನಕ್ಕೂ ಪೆಟ್ಟು ಬಿದ್ದಿದೆ: 30,000ದಲ್ಲಿ ಕಾಲು ಭಾಗ, 7,500 ರೂಪಾಯಿ, ಅಲ್ಲಿಗೆ ಹೋಗಬೇಕಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಲಾಭ ಯಾರಿಗೆಂದರೆ, ಹಾಲೇ ಹಾಕದ ಆ ನಲವತ್ತು ಸದಸ್ಯರಿಗೆ. ಪಿಲ್ಲಗುಂಪೆಯ ಸುತ್ತ ಇದು ಪುಸ್ತಕದ ಮಾತಲ್ಲ. ಕೈಗಾರಿಕಾ ಪ್ರದೇಶ ಬಂತು, ಹುಲ್ಲು ಬೆಳೆಯುತ್ತಿದ್ದ ಜಾಗದಲ್ಲಿ ಕಾಂಪೌಂಡು ಬಂತು, ಮನೆಯ ಹುಡುಗರು ಶಿಫ್ಟಿನ ಬಸ್ಸು ಹತ್ತಿದರು. ಕೊಟ್ಟಿಗೆಗೆ ಶೀಟು ಹೊದಿಸಿ ಬಾಡಿಗೆಗೆ ಬಿಟ್ಟವರೂ ಇದ್ದಾರೆ. ಹಸು ಹೋಯಿತು, ಷೇರು ಉಳಿಯಿತು. ಹಾಲು ಹಾಕದವರಿಗೆ, ಸಭೆಗೆ ಬಾರದವರಿಗೆ ಓಟಿಲ್ಲ ಎಂದು ಕಾಯ್ದೆಯಲ್ಲಿ ಕಟ್ಟುಪಾಡುಗಳಿವೆ. ಐದು ಸಭೆಗಳಲ್ಲಿ ಇಂತಿಷ್ಟಕ್ಕಾದರೂ ಹಾಜರಿ ಇರಬೇಕು. ಅದಕ್ಕೇ ಹಾಜರಿ ಪುಸ್ತಕದ ಮುಂದೆ ನೂಕುನುಗ್ಗಲು. ಸಂಘದ ಚುನಾವಣೆಯ ಜಗಳಗಳಲ್ಲಿ ಮೊದಲು ಹೊರಗೆ ಬರುವುದು ಈ ಪುಸ್ತಕವೇ. ಸಹಿ ಹಾಕಿ ಟೋಕನ್ ಪಡೆದರೆ ಕ್ಯಾನು. ಒಂದು ಕಲ್ಲಿಗೆ ಎರಡು ಹಕ್ಕಿ.

ಒಮ್ಮೆ ಇಂಥದೊಂದು ಸಭೆಯಲ್ಲಿ, ಹಾಲು ಹಾಕುವ ಅಕ್ಕ ಒಬ್ಬರು ಮೈಕು ಬೇಡವೆಂದು ಕೂತಲ್ಲಿಂದಲೇ ಕೇಳಿದರು. ‘ಹೋದ ವರ್ಷ ಕ್ಯಾನು ಕೊಟ್ರಿ. ಈ ವರ್ಷ ಸಭಾ ವೆಚ್ಚ ಕಮ್ಮಿ ಬರ್ದಿದೀರಿ. ಹಂಗಾದ್ರೆ ಆ ಪೆಟ್ಟಿಗೇಲಿ ಏನೈತೆ?’

ಖಜಾಂಚಿ ಪೆಟ್ಟಿಗೆಯ ಕಡೆ ನೋಡಿದರು, ಅಧ್ಯಕ್ಷರ ಕಡೆ ನೋಡಿದರು, ಆಮೇಲೆ ಪುಟ ಒಂಬತ್ತನ್ನು ಈಗಷ್ಟೇ ಕಂಡವರಂತೆ ನೋಡಿದರು. ಆರು ತಿಂಗಳು ಕಳೆದ ಮೇಲೆ ಬಜೆಟ್ಟು ಓದುವುದರ ಅಪಾಯ ಇದೇ: ಮೀರಿದ ಖರ್ಚು ಅಲ್ಲೇ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ‘ಅದು ಬಿಂದಿಗೆ ಅಮ್ಮ’ ಎಂದರು.

‘ಲೆಕ್ಕ ಯಾವುದರಾಗೆ ಬರ್ದಿದೀರಿ?’

‘ಸದ್ಯಕ್ಕೆ ಸಾದಿಲ್ವಾರಿನಲ್ಲಿದೆ.’

ಅಧ್ಯಕ್ಷರು ಎದ್ದು, ವಿಷಯ ಗಹನವಾಗಿರುವುದರಿಂದ ಆಡಳಿತ ಮಂಡಳಿ ಮುಂದೆ ಪರಿಶೀಲಿಸುವುದೆಂದೂ, ಸದ್ಯ ಆಯವ್ಯಯವನ್ನು ಸಭೆ ಸರ್ವಾನುಮತದಿಂದ ಅಂಗೀಕರಿಸಿದೆಯೆಂದೂ ಹೇಳಿದರು. ಸೂಚಕರು ಯಾರು ಎಂದಾಗ ಮುಂದಿನ ಸಾಲಿನವರೊಬ್ಬರು ಕೈ ಎತ್ತಿದರು. ಅನುಮೋದಕರು ಯಾರು ಎಂದಾಗ, ಅಡುಗೆಯವನು ಅನ್ನದ ಕೊಳದಪ್ಪಲೆಯ ಮುಚ್ಚಳ ತೆಗೆದ. ಇಡೀ ಸಭೆ ಎದ್ದು ನಿಂತಿತು. ಸೆಕ್ರೆಟರಿ ನಡವಳಿ ಪುಸ್ತಕದಲ್ಲಿ ಅದನ್ನು ಅನುಮೋದನೆ ಎಂದೇ ಬರೆದುಕೊಂಡ. ಆ ಅಕ್ಕ ಮಾತ್ರ ವರದಿಯನ್ನು ಮಡಿಸಿ, ಪುಟ ಒಂಬತ್ತು ಮೇಲೆ ಬರುವ ಹಾಗೆ ಬ್ಯಾಗಿಗೆ ಇಟ್ಟುಕೊಂಡು, ಟೋಕನ್ ಹಿಡಿದು ಬಿಂದಿಗೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತರು.